ಶಿಫಾರಸು ಪತ್ರ ಕೇಳೋದು: ಉದ್ದದ ಮೇಲ್, ವಾಟ್ಸಾಪ್, ಚಿಕ್ಕ ಮೇಲ್ – ಮೂರನ್ನೂ ಮಾಡಿ ನೋಡಿದೆ

ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವಾಗ ನನಗೆ ಮೂರು ಶಿಫಾರಸು ಪತ್ರ ಬೇಕಿತ್ತು. ಅದಕ್ಕಾಗಿ ನಾಲ್ಕು ಜನರನ್ನು ಕೇಳಿದೆ. ಮೊದಲ ಇಬ್ಬರ ಹತ್ತಿರ ಎಡವಿ, ಆಮೇಲೆ ಕೇಳುವ ರೀತಿಯನ್ನೇ ಬದಲಾಯಿಸಿಕೊಂಡೆ.

ಮೊದಲು ಕೇಳಿದ್ದು ನನ್ನ ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್‌ಗೆ. ಮರ್ಯಾದೆಯಾಗಿ ಕೇಳೋದು ಅಂದ್ರೆ ವಿವರವಾಗಿ ಕೇಳೋದು ಅಂದುಕೊಂಡು ಆರು ಪ್ಯಾರಾ ಬರೆದಿದ್ದೆ. ಕ್ಷೇಮ ವಿಚಾರಿಸಿದ್ದು ಒಂದು ಪ್ಯಾರಾ, ಅವರ ಪಾಠ ನನ್ನ ಮೇಲೆ ಬೀರಿದ ಪ್ರಭಾವ ಇನ್ನೊಂದು, ನನ್ನ ಕನಸುಗಳು ಮತ್ತೊಂದು, ಹೀಗೆ ಹೋಗಿ ಹೋಗಿ ಐದನೇ ಪ್ಯಾರಾದಲ್ಲಿ ಪತ್ರದ ಮಾತು ಬಂದಿತ್ತು. ಜೊತೆಗೆ ಐದು ಅಟ್ಯಾಚ್‌ಮೆಂಟ್. ಹನ್ನೊಂದು ದಿನ ಉತ್ತರವೇ ಇಲ್ಲ. ಎದುರಿಗೆ ಸಿಕ್ಕಾಗ ಅವರು ಬೇಜಾರಿಲ್ಲದೆ ಹೇಳಿದ್ದಿಷ್ಟು: "ನಿನ್ನ ಮೇಲ್ ನೋಡಿದೆ ಕಣಪ್ಪ, ಉದ್ದ ಇತ್ತು, ಪುರುಸೊತ್ತಾಗಿ ಓದೋಣ ಅಂತ ಇಟ್ಟಿದ್ದೆ." ಪುರುಸೊತ್ತು ಅವರಿಗೆ ಯಾವತ್ತು ಸಿಗಬೇಕು? ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು, ಅವರು ಬರೆಯೋಕೆ ಕೂತ ದಿನ ಬೇಕಾದ್ದೆಲ್ಲ ಆ ಮೇಲ್‌ನಲ್ಲೇ ಇತ್ತು, ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಸಾಮಾನು ಸರಿಯಾಗಿತ್ತು, ಕಳಿಸಿದ ಹೊತ್ತು ತಪ್ಪಾಗಿತ್ತು.

ಇದರಿಂದ ಬುದ್ಧಿ ಕಲಿತು ಎರಡನೆಯವರಿಗೆ, ಅಂದ್ರೆ ಹಳೇ ಕೆಲಸದ ಮ್ಯಾನೇಜರ್‌ಗೆ, ವಾಟ್ಸಾಪ್‌ನಲ್ಲಿ ಒಂದೇ ಸಾಲು ಹಾಕಿದೆ: "ಸರ್, ಒಂದು ರೆಫರೆನ್ಸ್ ಲೆಟರ್ ಬೇಕಿತ್ತು, ಕೊಡ್ತೀರಾ?" ಹತ್ತು ನಿಮಿಷದಲ್ಲಿ ಉತ್ತರ ಬಂತು. "ಆಯ್ತು, ನೀನೇ ಬರೆದು ಕಳಿಸು, ಸೈನ್ ಹಾಕ್ತೀನಿ."

ಖುಷಿಯಾಯ್ತು. ಬರೆಯೋಕೆ ಕೂತ ಮೇಲೆ ಗೊತ್ತಾಯ್ತು ಪಜೀತಿ. ನನ್ನನ್ನು ನಾನೇ ಹೊಗಳಿಕೊಳ್ಳೋಕೆ ಸಂಕೋಚ, ಹಾಗಾಗಿ 'ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುತ್ತಾನೆ' ಅಂತ ಯಾರಿಗೆ ಬೇಕಾದರೂ ಹೊಂದುವ ಮಾತು ಬರೆದೆ. ಮ್ಯಾನೇಜರ್ ಆದವರಿಗೆ ಮಾತ್ರ ಕಾಣುವ ಸಂಗತಿಗಳಿವೆ, ಇತರರ ಜೊತೆ ಹೋಲಿಸಿದರೆ ನಾನು ಎಲ್ಲಿ ನಿಲ್ಲುತ್ತೇನೆ ಅನ್ನೋದು ಅದರಲ್ಲಿ ಮುಖ್ಯವಾದದ್ದು. ಅದನ್ನು ನಾನು ಬರೆಯೋಕೆ ಬರೋದೇ ಇಲ್ಲ. ಮೇಲಾಗಿ ನನ್ನ ಉದ್ದೇಶ ಪತ್ರ ಮತ್ತು ಶಿಫಾರಸು ಪತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಬ್ಬನೇ ಬರೆದದ್ದು ಅಂತ ಎದ್ದು ಕಾಣುತ್ತಿತ್ತು. ಬಳಸುವ ಪದಗಳೂ ಅವೇ, ವಾಕ್ಯ ಕಟ್ಟುವ ರೀತಿಯೂ ಅದೇ.

ಆಗ ಆ ಪತ್ರ ಬಿಟ್ಟು ಐದು ಅಂಶಗಳನ್ನು ಮಾತ್ರ ಕಳಿಸಿದೆ. ಗುಣ ಅಲ್ಲ, ಘಟನೆ. "ಸರ್, ತಿಂಗಳ ಲೆಕ್ಕದ ವರದಿ ಎರಡು ಸಲ ತಪ್ಪಾದಾಗ ಒಂದೇ ಬಿಲ್ ಎರಡು ಹಾಳೆಯಲ್ಲಿ ಸೇರಿದ್ದನ್ನು ನಾನು ಹುಡುಕಿದ್ದೆ, ಆಮೇಲೆ ವರದಿ ಪರಿಶೀಲಿಸೋಕೆ ಒಂದು ಪಟ್ಟಿ ಮಾಡಿದ್ದೆ" – ಈ ಥರ. ಅವರು ಅದರಲ್ಲಿ ಎರಡನ್ನು ಆರಿಸಿಕೊಂಡು, ನನಗೇ ಮರೆತು ಹೋಗಿದ್ದ ಮೂರನೆಯದೊಂದನ್ನು ಸೇರಿಸಿ ತಾವೇ ಬರೆದರು. ಆದರೆ ಅಲ್ಲಿಗೆ ಬರೋಕೆ ಮೂರು ಸಲ ನೆನಪಿಸಬೇಕಾಯ್ತು, ಯಾಕಂದ್ರೆ ವಾಟ್ಸಾಪ್‌ನಲ್ಲಿ ನನ್ನ ಮೆಸೇಜ್ ಅರ್ಧ ದಿನದಲ್ಲಿ ಕೆಳಗೆ ಹೋಗಿರುತ್ತಿತ್ತು. ಕೊನೆಯ ದಿನ ಯಾವುದು ಅಂತ ನಾನು ಬರೆದೂ ಇರಲಿಲ್ಲ.

ಮೂರನೆಯವರು ಸಂಖ್ಯಾಶಾಸ್ತ್ರ ಕಲಿಸಿದ ಮೇಡಂ. ತುಂಬಾ ಬ್ಯುಸಿ. ಇಲ್ಲಿ ಕೆಲಸವನ್ನು ಎರಡು ಭಾಗ ಮಾಡಿದೆ: ಮೊದಲ ಮೇಲ್‌ನಲ್ಲಿ ಆಗುತ್ತೋ ಇಲ್ವೋ ಅಂತ ಮಾತ್ರ ಕೇಳೋದು, ದಾಖಲೆಗಳೆಲ್ಲ ಅವರು ಒಪ್ಪಿದ ಮೇಲೆ. ಕೊನೆಯ ದಿನಕ್ಕೆ ಐದು ವಾರ ಇರುವಾಗ ಕಳಿಸಿದ್ದು ಇದು:

"ವಿಷಯ: ಶಿಫಾರಸು ಪತ್ರಕ್ಕೆ ವಿನಂತಿ (ಕೊನೆಯ ದಿನ ಡಿಸೆಂಬರ್ 15)

ಮೇಡಂ, ನಮಸ್ಕಾರ. ಮೂರು ವರ್ಷದ ಹಿಂದೆ ನಿಮ್ಮ ತರಗತಿಯಲ್ಲಿದ್ದೆ. ಮಳೆ ದಾಖಲೆಯಲ್ಲಿ ಬಿಟ್ಟುಹೋದ ದಿನಗಳನ್ನು ತುಂಬುವ ಪ್ರಾಜೆಕ್ಟ್ ಮಾಡಿದವನು ನಾನು. ಈಗ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ನನಗೊಂದು ಶಿಫಾರಸು ಪತ್ರ ಬರೆದುಕೊಡಲು ನಿಮಗೆ ಸಾಧ್ಯವಾಗುತ್ತದೆಯೇ? ಮೂರು ಕಡೆ ಅರ್ಜಿ ಹಾಕುತ್ತೇನೆ, ಒಂದೇ ಪತ್ರ ಮೂರಕ್ಕೂ ಸಾಕು.

ಬಿಡುವಿಲ್ಲದಿದ್ದರೆ, ಅಥವಾ ಬರೆಯುವಷ್ಟು ನನ್ನ ಕೆಲಸ ನೆನಪಿಲ್ಲದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ, ಬೇರೆಯವರನ್ನು ಕೇಳಲು ನನಗೆ ಇನ್ನೂ ಸಮಯವಿದೆ. ಆಗುತ್ತದೆ ಎಂದಾದರೆ 'ಸರಿ' ಎಂದಷ್ಟೇ ಬರೆದರೂ ಸಾಕು. ಬೇಕಾದ ವಿವರವನ್ನು ಒಂದೇ ಪುಟದಲ್ಲಿ ಕಳಿಸುತ್ತೇನೆ."

ಅವತ್ತೇ ರಾತ್ರಿ ಉತ್ತರ ಬಂತು. "ಸರಿ. ಪ್ರಾಜೆಕ್ಟ್ ವರದಿಯನ್ನೂ ಕಳಿಸು."

ಇದರಲ್ಲಿ ಜಾಸ್ತಿ ಕೆಲಸ ಮಾಡಿದ್ದು ಆ ಮಳೆಯ ಸಾಲು ಅಂತ ನನ್ನ ಅನಿಸಿಕೆ. ವರ್ಷಕ್ಕೆ ನೂರಾರು ವಿದ್ಯಾರ್ಥಿಗಳನ್ನು ನೋಡುವವರಿಗೆ ಹೆಸರು ನೆನಪಿರೋದಿಲ್ಲ, ಮಾಡಿದ ಕೆಲಸ ಹೇಳಿದರೆ ಮುಖ ನೆನಪಾಗುತ್ತೆ. ಇನ್ನು 'ಆಗದಿದ್ದರೆ ಹೇಳಿ' ಅನ್ನೋ ಸಾಲು. ಇದನ್ನು ಬರೆಯುವಾಗ ಕೈ ನಡುಗಿತ್ತು, ಇಲ್ಲ ಅನ್ನೋಕೆ ನಾನೇ ದಾರಿ ಮಾಡಿಕೊಡ್ತಿದ್ದೀನಲ್ಲ ಅಂತ. ಆದರೆ ಇದೇ ಮೇಲ್ ಅನ್ನು ಸ್ವಲ್ಪ ಬದಲಿಸಿ ನಾಲ್ಕನೆಯವರಿಗೆ ಕಳಿಸಿದಾಗ ಅವರು ನಿಜವಾಗಿಯೂ ಆ ದಾರಿ ಹಿಡಿದರು: "ನಿನ್ನ ಅಂಕ ಗೊತ್ತು, ಕೆಲಸ ಗೊತ್ತಿಲ್ಲ, ನಿನ್ನ ಗೈಡ್‌ ಹತ್ತಿರ ಕೇಳು." ಆ ಕ್ಷಣಕ್ಕೆ ಬೇಸರವಾಯ್ತು, ಸುಳ್ಳು ಹೇಳಲ್ಲ. ಸಂಕೋಚಕ್ಕೆ ಬಿದ್ದು ಅವರು ಒಪ್ಪಿದ್ದರೆ 'ಈತ ನನ್ನ ತರಗತಿಯಲ್ಲಿ ಉತ್ತಮ ಅಂಕ ಪಡೆದಿದ್ದಾನೆ' ಅನ್ನೋ ಮೂರು ಸಾಲಿನ ಪತ್ರ ಬರುತ್ತಿತ್ತು. ಆ ವಿಷಯ ಅಂಕಪಟ್ಟಿಯಲ್ಲೇ ಇದೆ, ಅಲ್ವಾ?

ಮೇಡಂ ಒಪ್ಪಿದ ಮೇಲೆ ಕಳಿಸಿದ ಒಂದು ಪುಟದಲ್ಲಿ ಇದ್ದದ್ದು ಕಡಿಮೆ: ಮೂರು ವಿಶ್ವವಿದ್ಯಾಲಯಗಳ ಹೆಸರು, ಕೋರ್ಸ್, ಕೊನೆಯ ದಿನ, ನನ್ನ ಕೆಲಸದ ನಾಲ್ಕು ಅಂಶ, ಮತ್ತು ಪತ್ರವನ್ನು ಎಲ್ಲಿ, ಹೇಗೆ ಹಾಕಬೇಕು ಅನ್ನೋದು. ಈ ಕೊನೆಯದನ್ನು ಹಗುರವಾಗಿ ತಗೋಬೇಡಿ. ಬಹಳ ಕಡೆ ಪತ್ರ ನಮ್ಮ ಕೈಗೆ ಬರೋದೇ ಇಲ್ಲ, ವಿಶ್ವವಿದ್ಯಾಲಯದ ಅರ್ಜಿ ಪೋರ್ಟಲ್‌ನಿಂದ ಪತ್ರ ಬರೆಯುವವರಿಗೆ ನೇರವಾಗಿ ಲಿಂಕ್ ಹೋಗುತ್ತೆ, ಆ ಮೇಲ್ ಸ್ಪ್ಯಾಮ್‌ಗೆ ಬೀಳೋದೂ ಉಂಟು. ಮೇಡಂ ವಿಷಯದಲ್ಲಿ ಮೂರರಲ್ಲಿ ಒಂದು ಹಾಗೇ ಆಯ್ತು. ಲಿಂಕ್ ಕಳಿಸಿದ ದಿನವೇ "ಇಂಥ ವಿಳಾಸದಿಂದ ಮೇಲ್ ಬಂದಿರಬೇಕು, ಕಾಣದಿದ್ದರೆ ಸ್ಪ್ಯಾಮ್ ನೋಡಿ" ಅಂತ ಒಂದು ಸಾಲು ಬರೆದಿದ್ದಕ್ಕೆ ಸಿಕ್ಕಿತು.

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಗೈಡ್ ಸರ್‌ಗೆ ಜಾಣತನ ಅಂದುಕೊಂಡು ಕೊನೆಯ ದಿನವನ್ನು ಐದು ದಿನ ಮುಂಚೆ ಅಂತ ಹೇಳಿದ್ದೆ. ಪೋರ್ಟಲ್‌ನ ಮೇಲ್‌ನಲ್ಲಿ ನಿಜವಾದ ದಿನಾಂಕ ಇತ್ತು. ಅವರೇನೂ ಬೈಯಲಿಲ್ಲ, "ಇಲ್ಲಿ ಬೇರೆ ಇದೆಯಲ್ಲ?" ಅಂದರು ಅಷ್ಟೇ, ನನಗೆ ಮುಖ ಎತ್ತೋಕೆ ಆಗಲಿಲ್ಲ. ಮೇಡಂಗೆ ಎರಡನ್ನೂ ಬರೆದೆ: ಕೊನೆಯ ದಿನ 15, 10ರೊಳಗೆ ಆದರೆ ನನಗೆ ನೆಮ್ಮದಿ. ಅವರು 9ಕ್ಕೆ ಹಾಕಿದರು.

ನೆನಪಿಸಿದ್ದು ಒಂದೇ ಸಲ, ಕೊನೆಯ ದಿನಕ್ಕೆ ಒಂಬತ್ತು ದಿನ ಇರುವಾಗ. ಹೊಸ ಮೇಲ್ ಬರೆಯಲಿಲ್ಲ, ಹಳೆಯದಕ್ಕೇ ಉತ್ತರವಾಗಿ ಬರೆದು ಅದೇ ಒಂದು ಪುಟವನ್ನು ಮತ್ತೆ ಸೇರಿಸಿದೆ, ಅವರು ಹಿಂದಕ್ಕೆ ಹೋಗಿ ಹುಡುಕೋದು ತಪ್ಪಲಿ ಅಂತ.

ಈಗ ಯಾರನ್ನಾದರೂ ಕೇಳಬೇಕಾದರೆ ನಾನು ಕಳಿಸೋದು ಚಿಕ್ಕ ಮೇಲ್. ವಾಟ್ಸಾಪನ್ನು ಪೂರ್ತಿ ಬಿಟ್ಟಿಲ್ಲ, ಮ್ಯಾನೇಜರ್ ಥರ ಮೇಲ್ ನೋಡದೇ ಇರುವವರಿಗೆ "ಸರ್, ಒಂದು ಮೇಲ್ ಕಳಿಸಿದ್ದೇನೆ, ಎರಡು ನಿಮಿಷದ ಕೆಲಸ" ಅಂತ ಅಲ್ಲಿ ಹೇಳುತ್ತೇನೆ. ಆ ಆರು ಪ್ಯಾರಾದ ಮೇಲ್ ಇನ್ನೂ ನನ್ನ ಹತ್ತಿರ ಇದೆ. ಅವರ ಪಾಠದ ಬಗ್ಗೆ ಬರೆದಿದ್ದ ಎರಡನೇ ಪ್ಯಾರಾವನ್ನು, ಸೀಟು ಸಿಕ್ಕ ಮೇಲೆ ಧನ್ಯವಾದ ಹೇಳುವಾಗ ಹಾಗೇ ಬಳಸಿಕೊಂಡೆ. ಈ ಸಲ ಸರ್ ಅವತ್ತೇ ಓದಿದರು.