ನಾಲ್ಕು ವರ್ಷ ಬಳಸಿದ ಲೆಕ್ಕಪತ್ರ ತಂತ್ರಾಂಶ: ಚಂದಾ ನಿಂತ ಮೇಲೆ ಬಿಲ್ಲುಗಳ ಗತಿ

ನನ್ನದು ತುಮಕೂರಿನಲ್ಲಿ ಒಂದು ಸಣ್ಣ ಮುದ್ರಣಾಲಯ. ಏಪ್ರಿಲ್‌ನಲ್ಲಿ ಈ ತಂತ್ರಾಂಶದ ತಿಂಗಳ ಚಂದಾ ಕಟ್ಟಿ ವರ್ಷದ ಲೆಕ್ಕವನ್ನೆಲ್ಲ ಏರಿಸುತ್ತೇನೆ, ಜುಲೈ 31ರೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಆಗಸ್ಟ್‌ನಲ್ಲಿ ಚಂದಾ ನಿಲ್ಲಿಸುತ್ತೇನೆ. ಲೆಕ್ಕ ಬರೆಯುವ ಕೆಲಸಕ್ಕೆ ಇದರಲ್ಲಿ ಕೊರತೆ ಕಾಣಲಿಲ್ಲ. ಬಿಲ್ಲಿನ ಫೋಟೊ ತೆಗೆದು ಆಯಾ ಖರ್ಚಿಗೇ ಅಂಟಿಸಬಹುದು, ಆ ಸೌಲಭ್ಯ ನನಗೆ ಬಹಳ ಇಷ್ಟ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

2023ರ ಜುಲೈಯಲ್ಲಿ ಸಲ್ಲಿಸಿದ ರಿಟರ್ನ್‌ಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 143(2)ರ ಪರಿಶೀಲನಾ ನೋಟಿಸ್ 2024ರ ಜೂನ್ 30ರವರೆಗೂ ಬರಬಹುದಿತ್ತು. ನನಗೆ ಜೂನ್‌ನಲ್ಲೇ ಬಂತು. ಆಮೇಲೆ ಬಂದ ಪ್ರಶ್ನಾವಳಿಯಲ್ಲಿ ಯಂತ್ರ ರಿಪೇರಿಗೆ ತೋರಿಸಿದ್ದ 1,84,000 ರೂಪಾಯಿಯ ಬಿಲ್ಲುಗಳನ್ನು ಕೇಳಿದ್ದರು. ಅದು ನಿಜಕ್ಕೂ ರಿಪೇರಿಯೋ, ಹೊಸ ಬಿಡಿಭಾಗ ಕೂಡಿಸಿ ಯಂತ್ರದ ಮೌಲ್ಯವನ್ನೇ ಹೆಚ್ಚಿಸಿದ ಬಂಡವಾಳ ವೆಚ್ಚವೋ ಎಂಬುದು ಅವರ ಪ್ರಶ್ನೆ. ರಿಟರ್ನ್‌ನ ಪ್ರತಿ ಇಲಾಖೆಯ ಪೋರ್ಟಲ್‌ನಲ್ಲಿ ಸಿಕ್ಕಿತು, ಆದರೆ ಅದರಲ್ಲಿರುವುದು ಒಟ್ಟು ಮೊತ್ತ ಮಾತ್ರ. ಚಂದಾ ನಿಲ್ಲಿಸುವ ಮೊದಲು ಇಳಿಸಿಕೊಂಡಿದ್ದ ಎಕ್ಸೆಲ್ ಕಡತವನ್ನು ತೆರೆದೆ. ದಿನಾಂಕ, ಮೊತ್ತ, ‘ರೋಲರ್ ರಿಪೇರಿ’ ಎಂಬ ಒಕ್ಕಣೆ, ಪಕ್ಕದಲ್ಲಿ ಬಿಲ್ಲಿನ ಕೊಂಡಿ, ಎಲ್ಲವೂ ಇದ್ದವು. ಕೊಂಡಿ ಒತ್ತಿದರೆ ತೆರೆದುಕೊಂಡದ್ದು ಲಾಗಿನ್ ಪುಟ! ಚಂದಾ ನಿಂತ ಖಾತೆಯಲ್ಲಿ ಲೆಕ್ಕ ನೋಡಲು ಬಿಡುತ್ತಾರೆ, ಬಿಲ್ಲಿನ ಚಿತ್ರಗಳಿಗೆ ಮಾತ್ರ ಬೀಗ. ಮತ್ತೆ ಒಂದು ತಿಂಗಳ ಹಣ ಕಟ್ಟಿ ಹದಿನಾಲ್ಕು ಬಿಲ್ಲುಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ನನ್ನದೇ ಬಿಲ್ಲುಗಳಿಗೆ ನಾನೇ ಮತ್ತೆ ಹಣ ಕಟ್ಟಬೇಕಾದದ್ದು ಇಂದಿಗೂ ನೋಯಿಸುತ್ತದೆ. ರದ್ದು ಮಾಡುವ ಪುಟದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಸಾಕಿತ್ತು.

ಈಗ ರದ್ದು ಮಾಡುವ ಮುನ್ನ ಅರ್ಧ ದಿನ ಮೀಸಲಿಡುತ್ತೇನೆ. ಪ್ರತಿ ಖಾತೆಯ ಲೆಡ್ಜರನ್ನೂ ತಾಳೆಪಟ್ಟಿಯನ್ನೂ ಪಿಡಿಎಫ್ ಆಗಿ ಇಳಿಸಿ, ಲೆಡ್ಜರ್ ಮೊತ್ತವನ್ನು ರಿಟರ್ನ್‌ನ ಲಾಭ ನಷ್ಟದ ಅಂಕಿಯೊಂದಿಗೆ ಹೋಲಿಸುತ್ತೇನೆ. ಬಿಲ್ಲುಗಳನ್ನು ತಿಂಗಳುವಾರು ಕಡತಕೋಶಗಳಲ್ಲಿ ಇಟ್ಟು, ವೋಚರ್ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತೇನೆ. ತಂತ್ರಾಂಶದ ‘ಬ್ಯಾಕಪ್’ ಕಡತವನ್ನು ನಂಬುವುದಿಲ್ಲ, ಅದು ಇದೇ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತದೆ. ಕೊನೆಗೆ ಪೆನ್‌ಡ್ರೈವನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿ, ಇಂಟರ್ನೆಟ್ ಆರಿಸಿ, ನಾಲ್ಕೈದು ಬಿಲ್ಲು ತೆರೆದು ನೋಡುತ್ತೇನೆ. ಅಲ್ಲಿ ತೆರೆದರೆ ಮಾತ್ರ ಅದು ನನ್ನ ಕೈಯಲ್ಲಿದೆ ಎಂದರ್ಥ.

ರದ್ದು ಮಾಡುವಾಗ ಇನ್ನೊಂದು ಎಚ್ಚರ. ‘ಚಂದಾ ನಿಲ್ಲಿಸಿ’ ಮತ್ತು ‘ಖಾತೆ ಅಳಿಸಿ’ ಎಂಬ ಎರಡು ಗುಂಡಿಗಳು ಒಂದರ ಕೆಳಗೊಂದು ಇವೆ. ಎರಡನೆಯದನ್ನು ಒತ್ತಿದರೆ ದಾಖಲೆಗಳೂ ಹೋಗುತ್ತವೆ.

ಜಿಎಸ್‌ಟಿ ಇರುವವರು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. 2022–23ರ ನನ್ನ ಬಿಲ್ಲುಗಳು 2029ರ ಡಿಸೆಂಬರ್‌ವರೆಗೆ ಬೇಕು. ಲೆಕ್ಕ ಬರೆಯಲು ಈ ತಂತ್ರಾಂಶಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ದಾಖಲೆ ಕಾಯಲು ಒಂದು. ಬರುವ ಏಪ್ರಿಲ್‌ನಲ್ಲೂ ಇದಕ್ಕೇ ಚಂದಾ ಕಟ್ಟುತ್ತೇನೆ, ಆದರೆ ಬಿಲ್ಲಿನ ಫೋಟೊ ಮೊದಲು ನನ್ನ ಕಡತಕೋಶಕ್ಕೆ ಹೋಗುತ್ತದೆ, ಆಮೇಲೆ ಅದರೊಳಕ್ಕೆ.