ನಮ್ಮ ಹೋಮ್‌ಸ್ಟೇಗೆ ಮೂರು ರೀಲ್: ಡ್ರೋನ್, ಅತಿಥಿ, ಕೊನೆಗೆ ನನ್ನದೇ ಫೋನ್

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಅಡಿಕೆ ತೋಟ. ಹಳೆ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದೇವೆ. ನಮ್ಮಲ್ಲಿ ಕೊಡಲಿಕ್ಕಿರುವುದು ಎರಡೇ: ಗಲಾಟೆ ಇಲ್ಲದ ಜಾಗ, ಮತ್ತು ಅತ್ತೆಯೂ ನಾನೂ ದಿನಾ ಮಾಡುವ ಅಡುಗೆ. ಇದನ್ನು ಒಂದು ನಿಮಿಷದೊಳಗಿನ ವೀಡಿಯೊದಲ್ಲಿ ತೋರಿಸಲು ಮೂರು ದಾರಿ ನೋಡಿದೆ. ಈಗ ಫೋನಿನಲ್ಲಿ ನಾನೇ ತೆಗೆದದ್ದು ಮಾತ್ರ ಉಳಿದಿದೆ, ಉಳಿದೆರಡನ್ನು ತೆಗೆದುಹಾಕಿದ್ದೇನೆ.

ಮೊದಲು ಮಾಡಿಸಿದ್ದು ಡ್ರೋನ್ ವೀಡಿಯೊ. ಹನ್ನೆರಡು ಸಾವಿರ ಕೊಟ್ಟೆವು. ಚಿತ್ರ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿನಿಂದ ನೋಡಿದಾಗ ನಮ್ಮ ನೀರಿನ ಟಾಂಕಿ ನೀಲಿಯಾಗಿ ಹೊಳೆಯುತ್ತಿತ್ತು. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ಬಂದು ತುಂಬುವ, ತೋಟಕ್ಕೆ ಬಿಡುವ ಸಿಮೆಂಟ್ ಟಾಂಕಿ ಅದು. ಬೆಂಗಳೂರಿನಿಂದ ಬಂದ ಒಂದು ಕುಟುಂಬದ ಹುಡುಗ ಕಾರಿಂದ ಇಳಿಯುವಾಗಲೇ ಈಜುವ ಚಡ್ಡಿ ಹಾಕಿಕೊಂಡಿದ್ದ. "ಆಂಟಿ, ಪೂಲ್ ಎಲ್ಲಿ?" ಅಂತ ಕೇಳಿದ. ಅವನ ಮುಖ ಸಪ್ಪಗಾದದ್ದು ಇವತ್ತಿಗೂ ನೆನಪಿದೆ. ವೀಡಿಯೊದಲ್ಲಿ ಪೂಲ್ ಇದೆ ಅಂತ ಯಾರೂ ಹೇಳಿರಲಿಲ್ಲ. ಆದರೂ ತಪ್ಪು ನಮ್ಮದೇ ಅಲ್ವಾ?

ಎರಡನೆಯದು, ರೀಲ್ ಮಾಡುವ ಅತಿಥಿಯೊಬ್ಬರಿಗೆ ಎರಡು ರಾತ್ರಿ ಉಚಿತ ಕೊಟ್ಟು ಮಾಡಿಸಿದ್ದು. ಅದರಲ್ಲಿ ಅವರ ಮುಖ ಜಾಸ್ತಿ, ನಮ್ಮ ಮನೆ ಕಡಿಮೆ. ಅಷ್ಟೇ.

ಡ್ರೋನ್ ವೀಡಿಯೊದ ನಿಜವಾದ ತೊಂದರೆ ಟಾಂಕಿ ಅಲ್ಲ, ಸದ್ದು. ಡ್ರೋನ್ ಹಾರುವಾಗ ಅದರದ್ದೇ ರೆಕ್ಕೆಯ ಗದ್ದಲ. ಹಾಗಾಗಿ ಅದು ತೆಗೆದ ಚಿತ್ರಕ್ಕೆ ಸದ್ದೇ ಇರುವುದಿಲ್ಲ, ಮೇಲಿಂದ ಸಂಗೀತ ಹಾಕಲೇಬೇಕು. ಸಂಗೀತ ಹಾಕಿದ ಮೇಲೆ ನಮ್ಮ ತೋಟಕ್ಕೂ ರೆಸಾರ್ಟಿಗೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ಗಲಾಟೆ ಇಲ್ಲ ಅನ್ನುವುದನ್ನು ಕಣ್ಣಿಗೆ ತೋರಿಸಲು ಆಗುವುದಿಲ್ಲ, ಕೇಳಿಸಬೇಕು.

ಸರಿ, ಫೋನಿನಲ್ಲೇ ಕೇಳಿಸೋಣ ಅಂತ ಹೊರಟೆ. ಬೆಳಿಗ್ಗೆ ಆರೂಕಾಲಕ್ಕೆ ಜಗಲಿಯಲ್ಲಿ ಕೂತು ಎರಡು ನಿಮಿಷ ತೆಗೆದೆ. ನನ್ನ ಕಿವಿಗೆ ಅಷ್ಟು ಹಿತವಾಗಿದ್ದ ಬೆಳಿಗ್ಗೆ ಫೋನಿನಲ್ಲಿ ಬರೀ "ಸ್‌ಸ್‌ಸ್" ಅಂತ ಕೇಳಿಸಿತು, ಹಳೆ ರೇಡಿಯೊದ ಹಾಗೆ. ಮೈಕ್ ಹಾಳಾಗಿದೆ ಅಂದುಕೊಂಡೆ. ಅಳಿಯನ ಫೋನಿನಲ್ಲಿ ತೆಗೆದರೂ ಅದೇ.

ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ಸುತ್ತ ಸದ್ದು ಕಡಿಮೆ ಇದ್ದರೆ ಫೋನು ತಾನಾಗಿ ಮೈಕನ್ನು ಚುರುಕು ಮಾಡಿಕೊಳ್ಳುತ್ತದೆ. ಆಗ ಹಕ್ಕಿಯ ಕೂಗಿನ ಜೊತೆ ಮೈಕಿನದ್ದೇ ಗುಸುಗುಸುವೂ ದೊಡ್ಡದಾಗುತ್ತದೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ತೆಗೆಯುವಾಗ ಒಮ್ಮೆ ಜೋರಾಗಿ ಕೆಮ್ಮಿ, ಆಮೇಲೆ ಇಯರ್‌ಫೋನ್ ಹಾಕಿ ಕೇಳಿ. ಕೆಮ್ಮಿದ ಕೂಡಲೇ "ಸ್‌ಸ್" ಅಡಗಿ, ಸ್ವಲ್ಪ ಹೊತ್ತಲ್ಲಿ ಮತ್ತೆ ಮೇಲೆ ಬಂದರೆ ಇದೇ ಕಾರಣ.

ಇದಕ್ಕೆ ಪರಿಹಾರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅತ್ತೆ ನೀರುದೋಸೆ ಹೊಯ್ಯುವಾಗ ಫೋನನ್ನು ಕಾವಲಿಯಿಂದ ಒಂದು ಮೊಳ ದೂರ ಹಿಡಿದೆ. ಹಿಟ್ಟು ಬಿದ್ದ ಕೂಡಲೇ "ಚುಂಯ್" ಅಂತು. ತೂತುಗಳು ಒಂದೊಂದಾಗಿ ತೆರೆದುಕೊಂಡವು. ಅತ್ತೆ ಮುಚ್ಚಳ ಮುಚ್ಚಿದಾಗ ಸದ್ದು ಒಳಗೇ ಉಳಿಯಿತು. ಆಮೇಲೆ ಕೇಳಿದರೆ "ಸ್‌ಸ್" ಎಲ್ಲಿಯೂ ಇಲ್ಲ. ಹತ್ತಿರದ ಸದ್ದು ಸಾಕಷ್ಟು ದೊಡ್ಡದಿದ್ದುದರಿಂದ ಫೋನು ಮೈಕನ್ನು ಚುರುಕು ಮಾಡಿಕೊಂಡಿರಲೇ ಇಲ್ಲ.

ಅಂದಿನಿಂದ ಇಡೀ ತೋಟದ ಮೌನ ಹಿಡಿಯಲು ಹೋಗುವುದನ್ನು ಬಿಟ್ಟೆ. ಒಂದೊಂದು ಸಣ್ಣ ಸದ್ದಿನ ಹತ್ತಿರ ಹೋಗುತ್ತೇನೆ. ಸುರಂಗದ ಬಾಯಲ್ಲಿ ಮುರಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದನ್ನು ಫೋನಿನ ವಾಯ್ಸ್ ರೆಕಾರ್ಡರಿನಲ್ಲಿ ಒಂದು ನಿಮಿಷ ಬೇರೆಯಾಗಿ ಹಿಡಿದೆ. ಜಗಲಿಯ ಚಿತ್ರದ ಸ್ವಂತ ಸದ್ದನ್ನು ಪೂರ್ತಿ ತೆಗೆದು, ಅದರ ಕೆಳಗೆ ಈ ತೊಟ್ಟಿಕ್ಕುವ ಸದ್ದನ್ನು ತೀರಾ ಸಣ್ಣಗೆ ಇಟ್ಟೆ. ಸುರಂಗ ಜಗಲಿಯಿಂದ ಹತ್ತು ಹೆಜ್ಜೆ, ಕೂತರೆ ಕೇಳುವ ಸದ್ದೇ ಅದು. ಇಲ್ಲದ್ದನ್ನು ಹಾಕಿಲ್ಲ. ನೀರು ಬೀಳುವ ಸದ್ದು ಕೇಳುತ್ತಿದೆ ಅಂದರೆ ಬೇರೆ ಯಾವ ಸದ್ದೂ ಇಲ್ಲ ಅಂತ ನೋಡುವವರಿಗೆ ತಾನಾಗಿ ಅನಿಸುತ್ತದೆ. ಸದ್ದನ್ನು ಪೂರ್ತಿ ಸೊನ್ನೆ ಮಾಡಿಯೂ ನೋಡಿದ್ದೆ. ನೋಡಿದವರೆಲ್ಲ ಫೋನಿನ ವಾಲ್ಯೂಮ್ ಒತ್ತಿದರು!

ಗಾಳಿ ಇದ್ದರೆ ತೆಗೆಯುವುದೇ ಬೇಡ. ಮೈಕಿಗೆ ಗಾಳಿ ಬಡಿದ "ಡಬ್ ಡಬ್" ಆಮೇಲೆ ಹೋಗುವುದಿಲ್ಲ. ಮೊದಲ ಚಿತ್ರದ ಮೇಲೆಯೇ "ಸದ್ದು ಹಾಕಿ ನೋಡಿ" ಅಂತ ಬರೆದಿದ್ದೇನೆ, ಎಷ್ಟೋ ಜನ ಸದ್ದಿಲ್ಲದೆ ನೋಡುತ್ತಾರೆ.

ಕೋಣೆಯನ್ನು ಬಾಗಿಲಲ್ಲಿ ನಿಂತು, ಅಗಲ ತೋರಿಸುವ ಲೆನ್ಸ್ ಬಳಸದೆ ತೆಗೆದೆ. ಆ ಲೆನ್ಸಿನಲ್ಲಿ ನಮ್ಮ ಸಣ್ಣ ಕೋಣೆ ಹಾಲ್‌ನಂತೆ ಕಾಣುತ್ತದೆ. ಬಂದವರು ಎರಡು ಪೆಟ್ಟಿಗೆ ಇಟ್ಟ ಮೇಲೆ ಓಡಾಡಲು ಜಾಗ ಹುಡುಕಬೇಕಾಗುತ್ತದೆ.

ಇಲ್ಲದ್ದನ್ನು ಹೇಳುವ ಸಾಲುಗಳನ್ನು ಎಲ್ಲಿ ಇಡಬೇಕು ಅಂತ ನಮ್ಮವರ ಜೊತೆ ಚರ್ಚೆಯಾಯಿತು. "ಕೊನೆಗೆ ಇಡು, ಮೊದಲೇ ಯಾಕೆ ಹೆದರಿಸುವುದು" ಅಂದರು ಅವರು. ಕೊನೆವರೆಗೆ ಎಷ್ಟು ಜನ ನೋಡುತ್ತಾರೆ? ನಲವತ್ತೈದು ಸೆಕೆಂಡಿನ ವೀಡಿಯೊದಲ್ಲಿ ಹತ್ತನೇ ಸೆಕೆಂಡಿಗೇ, ದೋಸೆ ಮುಗಿದ ಕೂಡಲೇ ಇಟ್ಟೆ. ಬರೆದದ್ದು ಹೀಗೆ: "ಎ.ಸಿ. ಇಲ್ಲ, ಟಿ.ವಿ. ಇಲ್ಲ, ಪೂಲ್ ಇಲ್ಲ. ಫೋನ್ ಅಂಗಳದ ತುದಿಯಲ್ಲಿ ಮಾತ್ರ ಸಿಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ತೋಟದ ಪಂಪು ಓಡುತ್ತದೆ." ಪಂಪಿನ ಮಾತು ಬೇಕೇ ಬೇಕು ಅಂತ ಹಟ ಹಿಡಿದದ್ದು ನಾನು. ಮೌನ ಅಂತ ಹೇಳಿ ಹಣ ತೆಗೆದುಕೊಂಡು, ಬೆಳಿಗ್ಗೆ ಪಂಪು ಹಾಕಿದರೆ ಅದು ಮೋಸವೇ. ಒಂದೇ ಬಾರಿ ಎಲ್ಲ ಸಾಲು ಬಂದರೆ ಓದಲಾಗುವುದಿಲ್ಲ, ಒಂದಾದ ಮೇಲೆ ಒಂದು ಬರುತ್ತದೆ. ಅಕ್ಷರ ಚಿತ್ರದ ನಡುವಿಗೇ ಇರಲಿ. ತೀರಾ ಕೆಳಗಿಟ್ಟರೆ ರೀಲ್‌ನಲ್ಲಿ ನಮ್ಮ ಹೆಸರು, ವಿವರಣೆ ಬಂದು ಅದನ್ನು ಮುಚ್ಚಿಬಿಡುತ್ತದೆ.

ಊಟದ ವಿಷಯದಲ್ಲಂತೂ ಫೋನಿಗೆ ಸಾಟಿಯಿಲ್ಲ. ಡ್ರೋನ್‌ನವರು ಬಂದದ್ದು ಮಳೆಗಾಲದಲ್ಲಿ, ಬಿಸಿಲು ಬಿದ್ದ ಒಂದು ದಿನ. ಅವತ್ತು ಪತ್ರೊಡೆ ಮಾಡಿದ್ದೆವು, ಅದೇ ವೀಡಿಯೊದಲ್ಲಿ ಉಳಿಯಿತು. ಫೆಬ್ರವರಿಯಲ್ಲಿ ಬಂದವರೂ ಪತ್ರೊಡೆ ಕೇಳಿದರು. ಆಗ ಕೆಸುವಿನ ಎಲೆ ಎಲ್ಲಿಂದ ತರುವುದು? ನಾವು ಎಳೆ ಹಲಸಿನ ಗುಜ್ಜೆ ಪಲ್ಯ ಬಡಿಸಿದೆವು, ತಿಂದರು, ಆದರೆ ಏನೋ ಕಡಿಮೆಯಾದ ಹಾಗೆ ತಿಂದರು. ಈಗ ಊಟದ ಎಂಟು ಸೆಕೆಂಡನ್ನು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಿಸಿ, ವೀಡಿಯೊವನ್ನು ಮತ್ತೆ ಹಾಕುತ್ತೇನೆ. ಬೇಸಿಗೆ ಶುರುವಿಗೆ ಗುಜ್ಜೆ, ಹಲಸು ಹಣ್ಣಾದಾಗ ಕೊಟ್ಟಿಗೆ ಅನ್ನುವ ಕಡುಬು, ಮಳೆ ಹಿಡಿದ ಮೇಲೆ ಪತ್ರೊಡೆ. ಪ್ರತಿ ಸಲ ಹನ್ನೆರಡು ಸಾವಿರ ಕೊಟ್ಟು ಇದನ್ನು ಮಾಡಿಸಲು ನಮ್ಮಿಂದ ಆಗುವುದಿಲ್ಲ.

ಹತ್ತು ಕೋಣೆ, ದೊಡ್ಡ ಅಂಗಳ, ಮದುವೆ ಮುಂಜಿಗೆ ಕೊಡುವ ಜಾಗ ಇದ್ದವರಿಗೆ ಡ್ರೋನ್ ಬೇಕಾದೀತು. ನಮ್ಮ ಎರಡು ಕೋಣೆಗೆ ಬೇಡ. ಹೊಸ ವೀಡಿಯೊ ಹಾಕಿದ ಮೇಲೆ ಫೋನ್ ಕರೆ ಕಡಿಮೆಯಾಗಿದೆ, ನಿಜ. ಕಳೆದ ವಾರ ಮೈಸೂರಿನಿಂದ ಒಬ್ಬರು ಟೀಚರ್ ಕರೆ ಮಾಡಿದ್ದರು. ಪೂಲ್ ಕೇಳಲಿಲ್ಲ, ಎ.ಸಿ. ಕೇಳಲಿಲ್ಲ. "ಪಂಪು ಒಂಬತ್ತಕ್ಕೆ ನಿಲ್ಲುತ್ತದಲ್ಲ, ಆಮೇಲೆ ಜಗಲಿಯಲ್ಲಿ ಕೂತು ಓದಬಹುದಾ ಅಕ್ಕಾ?" ಅಂತ ಕೇಳಿ, ಮೂರು ರಾತ್ರಿಗೆ ಕೋಣೆ ಹೇಳಿದರು.