ಎರಡನೇ ಸೂಲಿನ ಎಚ್‌ಎಫ್ ಹಸು: ನಾಲ್ಕು ವರ್ಷ ಸಾಕಿದ ಮೇಲೆ

ತಳಿ, ಹಾಲು, ಫ್ಯಾಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಮಾರುವ ಬೆಲೆ ಬಗ್ಗೆ ಬರೆಯುತ್ತೇನೆ. ಯಾಕಂದ್ರೆ ನನ್ನ ತಕರಾರು ಇರುವುದು ಅಲ್ಲೇ.

ಮಂಡ್ಯದ ಕಡೆ ನಮ್ಮದು ಸಣ್ಣ ಕೊಟ್ಟಿಗೆ. ಎಚ್‌ಎಫ್ ಮಿಶ್ರತಳಿ ಹಸುವನ್ನು 80,000ಕ್ಕೆ ತಂದೆ. ಎರಡನೇ ಕರು ಹಾಕಿ ಹದಿನೈದು ದಿನ ಆಗಿತ್ತು. ದುಡ್ಡು ಚಿನ್ನ ಅಡವಿಟ್ಟು ತಂದದ್ದು, ಬಡ್ಡಿ ವರ್ಷಕ್ಕೆ 12%. ಈ ಬಡ್ಡಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಸು ಮಾತ್ರ ಬಂಗಾರ. ಬೆಳಗ್ಗೆ ಕೆಚ್ಚಲು ಬಿಸಿನೀರಿನಲ್ಲಿ ಒರೆಸಿ, ಪ್ರತಿ ತೊಟ್ಟಿನ ಮೊದಲ ಎರಡು ಧಾರೆ ಕಪ್ಪು ತಟ್ಟೆಗೆ ಹಿಂಡುತ್ತೇನೆ. ಹಾಲಿನಲ್ಲಿ ಚೂರುಚೂರು ಗಂಟು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತ ಅರ್ಥ. ಅಷ್ಟರಲ್ಲಿ ಇದು ಸೊರೆ ಬಿಟ್ಟು, ಹಿಂದಿನ ಕಾಲು ಸ್ವಲ್ಪ ಅಗಲ ಮಾಡಿ ನಿಲ್ಲುತ್ತದೆ. ಒದೆಯುವ ಮಾತೇ ಇಲ್ಲ. ಹಿಂಡುವವನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು, ಅಲ್ವಾ?

ಈಗ ಲೆಕ್ಕ. ಹಿಂಡಿ, ಬೂಸಾ, ಮೇವು, ಡಾಕ್ಟರ ಖರ್ಚು ಎಲ್ಲ ಕಳೆದು ಮೊದಲ ವರ್ಷ 26,000 ಉಳಿಯಿತು. ಎರಡನೇ ವರ್ಷ, ಅಂದ್ರೆ ಮೂರನೇ ಸೂಲಿನಲ್ಲಿ, ಹಾಲು ಜಾಸ್ತಿಯಾಗಿ 30,000 ಆಯಿತು. ನಾಲ್ಕನೇ ಸೂಲಿನಲ್ಲಿ ಮತ್ತೆ 26,000. ಐದನೆಯದರಲ್ಲಿ 18,000ಕ್ಕೆ ಇಳಿಯಿತು. ನಮ್ಮ ದುಡಿಮೆಗೆ ಕೂಲಿ ಹಿಡಿದಿಲ್ಲ, ಕರುಗಳ ಲೆಕ್ಕವೂ ಬೇರೆ.

ಹಾಲು ನಿಧಾನಕ್ಕೆ ಇಳಿಯಿತು. ಬೆಲೆ ಹಾಗಲ್ಲ. ಮೊದಲ ವರ್ಷದ ಕೊನೆಗೆ ಕೇಳಿದ್ದರೆ 72,000 ಬರುತ್ತಿತ್ತು. ಎರಡನೇ ವರ್ಷಕ್ಕೆ 60,000. ಮೂರರ ಕೊನೆಗೆ ಹಸು ಐದನೇ ಸೂಲಿನ ಗಬ್ಬ, ಏಳು ತಿಂಗಳು. ಆಗ ದಲ್ಲಾಳಿ 45,000 ಕೊಡ್ತೀನಿ ಅಂದ. ನಾಲ್ಕನೇ ವರ್ಷ ಮುಗಿದಾಗ ಅದೇ ದಲ್ಲಾಳಿ ಬಾಯಿ ಬಿಡಿಸಿ ಸವೆದ ಹಲ್ಲು ನೋಡಿ, ಕೋಡಿನ ಉಂಗುರ ಸವರಿ, "15,000 ಅಣ್ಣಾ, ಅದೂ ನಿನ್ನ ಮುಖ ನೋಡಿ" ಅಂದ.

45 ಸಾವಿರದಿಂದ 15ಕ್ಕೆ! ಒಂದೇ ವರ್ಷದಲ್ಲಿ.

ಕಾರಣ ಇದೆ. ನಾಲ್ಕು ಸೂಲು ಕಂಡ ಗಬ್ಬದ ಹಸುವನ್ನು ಇನ್ನೊಬ್ಬ ಹಾಲಿಗಾಗಿ ಕೊಳ್ಳುತ್ತಾನೆ. ಐದು ದಾಟಿದ್ದನ್ನು ಯಾರೂ ಹಾಲಿಗೆ ಕೊಳ್ಳುವುದಿಲ್ಲ. ಬಾವು ಬರುವುದು ಜಾಸ್ತಿ, ಗಬ್ಬ ನಿಲ್ಲುವುದು ತಡ. ಮೊದಲು ಅಂಥ ಹಸುವಿಗೂ ಸಂತೆಯಲ್ಲಿ ಬೇರೆ ಗಿರಾಕಿ ಇರುತ್ತಿದ್ದ. ಹಸುವಿನ ವಧೆಗೆ ರಾಜ್ಯದ 1964ರ ಕಾಯ್ದೆಯಲ್ಲೇ ನಿಷೇಧ ಇತ್ತು, 2020ರ ಕಾಯ್ದೆ ಶಿಕ್ಷೆಯನ್ನು ಬಿಗಿ ಮಾಡಿತು, ನಮ್ಮ ಸಂತೆಯಲ್ಲಿ ಆ ಗಿರಾಕಿ ಕಾಣೆಯಾದ. ಕಾಯ್ದೆ ಸರಿಯೋ ತಪ್ಪೋ ಇಲ್ಲಿ ಬೇಡ, ನಾನು ಹೇಳುತ್ತಿರುವುದು ಬೆಲೆ ಮಾತು.

ಲಾಭ ನೋಡಲು ಸುಮ್ನೆ ಕೂಡಿದರೆ ಸಾಲದು. ಮುಂದಿನ ವರ್ಷ ಬರುವ ನೂರು ರೂಪಾಯಿ ನನಗೆ ಇವತ್ತಿನ 89 ಅಷ್ಟೆ, ಯಾಕಂದ್ರೆ ಅಷ್ಟು ದುಡ್ಡು ಇವತ್ತು ಕೈಲಿದ್ದರೆ ಸಾಲ ತೀರಿಸಿ 12% ಬಡ್ಡಿ ಉಳಿಸುತ್ತಿದ್ದೆ. ಎರಡನೇ ವರ್ಷದ್ದು 80, ಮೂರನೆಯದು 71, ನಾಲ್ಕನೆಯದು 64. ಹೀಗೆ ಇಳಿಸಿ ನೋಡಿದರೆ, ಮೂರನೇ ವರ್ಷದ ಕೊನೆಗೆ ಮಾರಿದ್ದರೆ ಹಾಲಿನಿಂದ ಸುಮಾರು 65,600, ಮಾರಾಟದಿಂದ 32,000. ಕೊಂಡ 80,000 ಕಳೆದರೆ ಹೆಚ್ಚುಕಡಿಮೆ 17,600 ಲಾಭ. ನಾಲ್ಕನೇ ವರ್ಷವೂ ಇಟ್ಟುಕೊಂಡರೆ? ಬರೀ 6,600.

ಇಷ್ಟು ಗುಣಿಸುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ. ಪ್ರತಿ ವರ್ಷ ಕೊಟ್ಟಿಗೆಯಲ್ಲಿ ನಿಂತೇ ಕೇಳಿಕೊಳ್ಳಿ: ಈ ವರ್ಷ ಉಳಿಯುವ ಹಾಲಿನ ದುಡ್ಡು, ಬೆಲೆ ಇಳಿತ ಮತ್ತು ಈಗಿನ ಬೆಲೆಯ ಬಡ್ಡಿ ಎರಡನ್ನೂ ಮೀರುತ್ತದಾ? ಮೂರನೇ ವರ್ಷ ಇಳಿತ 15,000, ಬಡ್ಡಿ 7,200, ಹಾಲು 26,000. ಇಡಬಹುದು. ನಾಲ್ಕನೇ ವರ್ಷ ಇಳಿತ 30,000, ಬಡ್ಡಿ 5,400, ಹಾಲು 18,000. ಮಾರಬೇಕು.

ನಾವು ಮಾರಲಿಲ್ಲ. 45,000ದ ದಿನ ಈ ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಅವ್ವ ಹಗ್ಗ ಹಿಡಿದುಕೊಂಡು "ಕರು ಹಾಕೋ ಹೊತ್ನಾಗೆ ಮನೆ ಬಿಟ್ಟು ಕಳಿಸ್ತೀಯೇನ್ಲಾ" ಅಂದಳು, ಮಾತು ಮುಗಿಯಿತು. 11,000 ರೂಪಾಯಿ ಅವ್ವನ ಸಮಾಧಾನದ ಖರ್ಚು ಅಂತ ಬರೆದುಕೊಂಡಿದ್ದೇನೆ, ಕೊರಗಿಲ್ಲ. ಆದರೆ ಮುಂದಿನದೂ ಎರಡನೇ ಸೂಲಿನದೇ ತರುತ್ತೇನೆ. ಮೂರನೇ ವರ್ಷದ ಏಳನೇ ತಿಂಗಳ ಗಬ್ಬಕ್ಕೆ ಗಿರಾಕಿ ಹುಡುಕುವ ಮಾತನ್ನು ಅವ್ವನಿಗೆ ಕೊಳ್ಳುವ ದಿನವೇ ಹೇಳಿಬಿಡುತ್ತೇನೆ. ನಾಲ್ಕು ಸ್ಟಾರ್ ಹಸುವಿಗೆ, ಎರಡು ಸಂತೆಗೆ.